ಗೊಬ್ಬರದಂಗಡಿಯ 14 ಲಕ್ಷ: ಕ್ರಿಪ್ಟೊಗೋ, ಷೇರಿಗೋ, ಠೇವಣಿಗೋ?

ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಇವೇ ನನ್ನ ದಿನದ ಕೆಲಸ. ನನ್ನ ಗಿರಾಕಿಗಳಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವವರು ಜಾಸ್ತಿ. ಅವರ ದುಡ್ಡಿಗೆ ಒಂದು ಋತು ಇದೆ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಅಂಗಡಿ ತುಂಬಾ ಮಾಲು ತುಂಬಿಸಬೇಕು. ಜೂನ್, ಜುಲೈನಲ್ಲಿ ಅರ್ಧಕ್ಕರ್ಧ ಉದ್ರಿ ಹೋಗುತ್ತದೆ. ಮೆಕ್ಕೆಜೋಳ ಯಾರ್ಡಿಗೆ ಬಂದು ಮಾರಾಟವಾದ ಮೇಲೆ ರೈತರು ಹಳೇ ಬಾಕಿ ತೀರಿಸುತ್ತಾರೆ. ಹಾಗಾಗಿ ಜನವರಿ ಕೊನೆಗೆ ಅಂಗಡಿಯವರ ಖಾತೆಯಲ್ಲಿ ವರ್ಷದಲ್ಲೇ ಅತಿ ಹೆಚ್ಚು ದುಡ್ಡು ನಿಂತಿರುತ್ತದೆ. ಸಲಹೆ ಕೊಡುವವರೂ ಆಗಲೇ ಜಾಸ್ತಿ ಬರುತ್ತಾರೆ.

ಹೋದ ಜನವರಿಯಲ್ಲಿ ಎಪಿಎಂಸಿ ಹತ್ತಿರದ ಒಬ್ಬ ಗೊಬ್ಬರದಂಗಡಿಯವರು ಪಾಸ್‌ಪುಸ್ತಕ, ಉದ್ರಿ ಪುಸ್ತಕ ಎರಡೂ ಹಿಡಿದು ಬಂದರು. ಮಗ ಇಂಜಿನಿಯರಿಂಗ್ ಓದುತ್ತಾನೆ, ಫೋನಿನಲ್ಲಿ ಕ್ರಿಪ್ಟೊ ನೋಡುತ್ತಾನೆ. ಭಾಮೈದ ಷೇರು ಮಾಡುತ್ತಾರೆ. ಮನೆಯವರಿಗೆ ಠೇವಣಿ ಬಿಟ್ಟರೆ ಬೇರೆ ಯಾವುದರ ಮೇಲೂ ನಂಬಿಕೆ ಇಲ್ಲ. ಅವತ್ತು ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಗುರುತು ಸಿಗದ ಹಾಗೆ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅಷ್ಟೇ.

ಕರೆಂಟ್ ಅಕೌಂಟಲ್ಲಿ 14 ಲಕ್ಷ ಸುಮ್ನೆ ಬಿದ್ದಿದೆ ಸರ್. ಮೂರರಲ್ಲಿ ಯಾವುದಕ್ಕೆ ಹಾಕಲಿ?

ಮೊದಲು ಅದರಲ್ಲಿ ಎಷ್ಟು ನಿಜವಾಗಿ ಬಿಡುವಿನ ದುಡ್ಡು ಅಂತ ನೋಡೋಣ ಅಂದೆ. ಒಂದು ಹಾಳೆ ತಗೊಂಡು, ಇವತ್ತಿನಿಂದ ಮೇ ತಿಂಗಳವರೆಗೆ ಯಾವ ತಾರೀಖಿಗೆ ಎಷ್ಟು ಹೊರಗೆ ಹೋಗಬೇಕು ಅಂತ ಬರೆಯುತ್ತಾ ಹೋದೆವು.

ಫೆಬ್ರವರಿ 20ಕ್ಕೆ ಜಿಎಸ್‌ಟಿ ಕಟ್ಟಬೇಕು, 60 ಸಾವಿರ. ಮಾರ್ಚ್ 15ಕ್ಕೆ ಮುಂಗಡ ತೆರಿಗೆ, 90 ಸಾವಿರ. ಇವರು ವಹಿವಾಟಿನ ಇಂತಿಷ್ಟು ಭಾಗವನ್ನೇ ಲಾಭ ಅಂತ ತೋರಿಸುವ ಪದ್ಧತಿಯಲ್ಲಿ ಇರುವವರು. ಅಂಥವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನ ಬದಲು ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಬಹುದು. ಹಾಗಾಗಿ ಆ ತಿಂಗಳು ಭಾರ ಒಮ್ಮೆಗೇ ಬೀಳುತ್ತದೆ. ಫೆಬ್ರವರಿಯಿಂದ ಮೇವರೆಗೆ ವ್ಯಾಪಾರ ತಣ್ಣಗಿರುತ್ತದೆ. ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟ್ ಬಿಲ್ಲಿಗೆ ಗಲ್ಲಾದಲ್ಲಿ ಬರುವುದು ಸಾಲದೆ 1.5 ಲಕ್ಷ ಕೈಯಿಂದ ಹಾಕಬೇಕಾಗುತ್ತದೆ. ಮೇ ಎರಡನೇ ವಾರ ವಿತರಕರಿಗೆ ಮುಂಗಡ 6 ಲಕ್ಷ. ಅದನ್ನು ಕೊಡದಿದ್ದರೆ ಡಿಎಪಿ ಗೊಬ್ಬರ ಬೇರೆ ಅಂಗಡಿಗೆ ಹೋಗುತ್ತದೆ. ಇಷ್ಟಾದ ಮೇಲೆ ಇನ್ನೊಂದು ಬ್ಯಾಂಕಿನಲ್ಲಿ ಇವರಿಗೆ 10 ಲಕ್ಷದ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲ ಇದೆ. ಅದರಲ್ಲಿ 4 ಲಕ್ಷ ಇನ್ನೂ ತೀರಿರಲಿಲ್ಲ.

ಎಲ್ಲ ಕೂಡಿಸಿದರೆ 13 ಲಕ್ಷ. 14 ಲಕ್ಷದಲ್ಲಿ ಬಿಡುವಿನ ದುಡ್ಡು 1 ಲಕ್ಷ ಮಾತ್ರ. ಉಳಿದದ್ದಕ್ಕೆಲ್ಲ ಆಗಲೇ ತಾರೀಖು ಬಿದ್ದಿದೆ.

ಅವರು ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತರು. ನಾನು ಈ ಲೆಕ್ಕವನ್ನೇ ಜಾಸ್ತಿ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಷೇರೋ ಕ್ರಿಪ್ಟೊವೋ ಅನ್ನುವ ಜಗಳದಲ್ಲಿ ಅಂಗಡಿಯವರು ಕಳೆದುಕೊಂಡದ್ದನ್ನು ನಾನು ನೋಡಿದಾಗೆಲ್ಲ, ಅವರು ಹಾಕಿದ್ದು ಈ 13 ಲಕ್ಷದ ಒಂದು ಭಾಗವನ್ನು. ಆ ಕೊನೆಯ 1 ಲಕ್ಷವನ್ನಲ್ಲ.

ಸಿಸಿಗೆ 4 ಲಕ್ಷ ಕಟ್ಟಿಬಿಟ್ರೆ ಆ ದುಡ್ಡು ಕೈಬಿಟ್ಟು ಹೋಯ್ತಲ್ವಾ? ಅದೇ ಠೇವಣಿ ಇಟ್ರೆ ಬಡ್ಡಿ ಆದ್ರೂ ಬರುತ್ತೆ.

ಇದು ತುಂಬಾ ಜನರಿಗೆ ಇರುವ ತಪ್ಪು ತಿಳಿವಳಿಕೆ. ಸಿಸಿ ಖಾತೆಗೆ ಕಟ್ಟಿದ್ದು ಟರ್ಮ್ ಲೋನಿನ ಕಂತಿನ ಹಾಗಲ್ಲ. ಇವತ್ತು ಕಟ್ಟಿ, ಬೇಕಾದಾಗ ಮಿತಿಯೊಳಗೆ ಮತ್ತೆ ತೆಗೆಯಬಹುದು. ಬಡ್ಡಿ ದಿನದ ಬಾಕಿಯ ಮೇಲೆ ಬೀಳುತ್ತದೆ.

ಇವರ ಸಿಸಿ ಬಡ್ಡಿ 10.5%. ಜನವರಿ ಕೊನೆಯಿಂದ ಮೇ ಎರಡನೇ ವಾರದವರೆಗೆ ಸುಮಾರು 100 ದಿನ. 4 ಲಕ್ಷಕ್ಕೆ 100 ದಿನದ ಸಿಸಿ ಬಡ್ಡಿ ಸುಮಾರು 11,500 ರೂಪಾಯಿ. ಅದೇ 4 ಲಕ್ಷವನ್ನು 6%ಗೆ ಠೇವಣಿ ಇಟ್ಟರೆ ಬರುವುದು 6,600 ಹತ್ತಿರ. ಕರೆಂಟ್ ಅಕೌಂಟಿನಲ್ಲಿ ಬಿಟ್ಟರೆ ಒಂದು ಪೈಸೆಯೂ ಇಲ್ಲ, ಆ ಖಾತೆಗೆ ಬಡ್ಡಿ ಕೊಡುವ ಹಾಗಿಲ್ಲ. ಸಾಲ ಇರುವವರಿಗೆ ಸಾಲ ಇಳಿಸುವುದಕ್ಕಿಂತ ಒಳ್ಳೆಯ ಠೇವಣಿ ಇಲ್ಲ. ಕಷ್ಟವಿಲ್ಲದೆ, ಅಪಾಯವಿಲ್ಲದೆ 10.5% ಕೊಡುವ ಜಾಗ ಬೇರೆ ಯಾವುದಿದೆ ಹೇಳಿ.

ಒಂದು ಎಚ್ಚರ ಬೇಕು. ಮಿತಿ 10 ಲಕ್ಷ ಅಂತ ಕಾಗದದಲ್ಲಿ ಇದ್ದರೂ, ಯಾವತ್ತು ಎಷ್ಟು ತೆಗೆಯಬಹುದು ಅನ್ನುವುದನ್ನು ಬ್ಯಾಂಕು ನಿಮ್ಮ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಹೇಳುತ್ತದೆ. ಅದಕ್ಕೆ ಡ್ರಾಯಿಂಗ್ ಪವರ್ ಅನ್ನುತ್ತಾರೆ. ಅಂಗಡಿಯಲ್ಲಿರುವ ಮಾಲು, ಬರಬೇಕಾದ ಹೊಸ ಉದ್ರಿ, ಇವುಗಳಿಂದ ನೀವು ವಿತರಕರಿಗೆ ಕೊಡಬೇಕಾದ್ದನ್ನು ಕಳೆದು, ಉಳಿದದ್ದರಲ್ಲಿ ಒಂದು ಪಾಲನ್ನು ಮಾರ್ಜಿನ್ ಅಂತ ಬಿಟ್ಟು ಲೆಕ್ಕ ಹಾಕುತ್ತಾರೆ. ಏಪ್ರಿಲ್‌ನಲ್ಲಿ ಗೋದಾಮು ಖಾಲಿ ಇದ್ದರೆ ಡ್ರಾಯಿಂಗ್ ಪವರ್ ಕುಗ್ಗುತ್ತದೆ. ಮಾಲು ಬಂದ ಮೇಲೆ ಏರುತ್ತದೆ. ಆದರೆ ಮುಂಗಡ ಕೊಡಬೇಕಾದ್ದು ಮಾಲು ಬರುವ ಮುಂಚೆ. ಅದಕ್ಕೇ ವಿತರಕರ 6 ಲಕ್ಷವನ್ನು ಸಿಸಿಯ ಮೇಲೆ ಭಾರ ಹಾಕದೆ ಬೇರೆ ಇಡಿಸಿದೆ.

ಇನ್ನೊಂದು ಮಾತು. ಸಿಸಿ ದುಡ್ಡು ತೆಗೆದು ಷೇರಿಗೆ, ಕ್ರಿಪ್ಟೊಗೆ ಹಾಕಲೇಬೇಡಿ. ಆ ಸಾಲ ಕೊಟ್ಟಿದ್ದು ಮಾಲಿಗೆ. ಬೇರೆ ಕಡೆ ತಿರುಗಿಸಿದ್ದು ಖಾತೆ ತಪಾಸಣೆಯಲ್ಲಿ ಕಂಡರೆ ಬ್ಯಾಂಕು ಮಿತಿ ಇಳಿಸಬಹುದು, ಸಾಲವನ್ನೇ ವಾಪಸ್ ಕೇಳಬಹುದು.

ಸರಿ, 6 ಲಕ್ಷ ಠೇವಣಿಗೆ. ಒಂದು ವರ್ಷಕ್ಕೆ ಇಟ್ರೆ ಬಡ್ಡಿ ಜಾಸ್ತಿ ಅಂದ್ರು ಬ್ಯಾಂಕಲ್ಲಿ. ಬೇಕಾದಾಗ ಮುರಿಸಿದ್ರಾಯ್ತಲ್ವಾ?

ಆಯ್ತು, ಆದರೆ ಮುರಿಸಿದರೆ ಎಷ್ಟು ಸಿಗುತ್ತದೆ ಅಂತ ಕೇಳಿದಿರಾ? ಒಂದು ವರ್ಷಕ್ಕೆ 7% ಅಂದುಕೊಳ್ಳಿ. 100 ದಿನಕ್ಕೆ ಮುರಿಸಿದರೆ ಬ್ಯಾಂಕು 7% ಕೊಡುವುದಿಲ್ಲ. 100 ದಿನದ ಠೇವಣಿಗೆ ಎಷ್ಟೋ ಅಷ್ಟು, ಅಂದರೆ 6%. ಅದರಲ್ಲೂ ಅವಧಿಗೆ ಮುಂಚೆ ಮುರಿದದ್ದಕ್ಕೆ ತುಂಬಾ ಬ್ಯಾಂಕುಗಳು ಅರ್ಧದಿಂದ ಒಂದು ಪರ್ಸೆಂಟ್ ಹಿಡಿಯುತ್ತವೆ. ಒಂದು ಹಿಡಿದರೆ ಕೈಗೆ ಬರುವ ದರ 5%. 6 ಲಕ್ಷಕ್ಕೆ ಸುಮಾರು 8,200 ರೂಪಾಯಿ. ಮೊದಲೇ 100 ದಿನಕ್ಕೆ ಇಟ್ಟಿದ್ದರೆ ಸುಮಾರು 9,850 ಬರುತ್ತಿತ್ತು. ದೊಡ್ಡ ದರ ನೋಡಿ ಇಟ್ಟಿದ್ದಕ್ಕೆ 1,600 ರೂಪಾಯಿ ಹೋಯಿತು. ದರದ ಪಟ್ಟಿ ಬೇರೆ ಬೇರೆ ಬ್ಯಾಂಕಿಗೆ ಬೇರೆ, ಆಗಾಗ ಬದಲಾಗುತ್ತದೆ. ಲೆಕ್ಕದ ದಾರಿ ಮಾತ್ರ ಇದೇ.

ಹಾಗಾಗಿ ದುಡ್ಡು ಬೇಕಾದ ತಾರೀಖಿಗೆ ಸರಿಯಾಗಿ ಅವಧಿ ಹೇಳಿ. ಬ್ಯಾಂಕಿನಲ್ಲಿ 7 ದಿನದಿಂದ ಹಿಡಿದು ಎಷ್ಟು ದಿನಕ್ಕೆ ಬೇಕಾದರೂ ಠೇವಣಿ ಆಗುತ್ತದೆ, 103 ದಿನ ಅಂದರೂ ಆಗುತ್ತದೆ. ಕೌಂಟರಿನಲ್ಲಿ ಕೇಳದಿದ್ದರೆ ಸುಮ್ನೆ ಒಂದು ವರ್ಷ ಅಂತ ಬರೆದುಬಿಡುತ್ತಾರೆ. 6 ಲಕ್ಷವನ್ನು ಒಂದೇ ರಸೀದಿ ಮಾಡಿಸದೆ 2 ಲಕ್ಷದ ಮೂರು ಮಾಡಿಸಿ. ಏಪ್ರಿಲ್‌ನಲ್ಲಿ ಅಚಾನಕ್ಕಾಗಿ 1.5 ಲಕ್ಷ ಬೇಕಾದರೆ ಒಂದೇ ರಸೀದಿ ಮುರಿಯುತ್ತದೆ, ಉಳಿದ ಎರಡಕ್ಕೆ ಪೂರ್ತಿ ಬಡ್ಡಿ. ಹತ್ತು ಹದಿನೈದು ದಿನದ ಮಟ್ಟಿಗೆ ಮಾತ್ರ ಬೇಕಾದರೆ ಮುರಿಸುವುದೂ ಬೇಡ. ಅದರ ಮೇಲೆ ಸಾಲ ಕೇಳಿ. ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಪರ್ಸೆಂಟ್ ಮೇಲೆ ಬಡ್ಡಿ ಹಾಕುತ್ತಾರೆ. ಅದೂ ತೆಗೆದ ದಿನಗಳಿಗೆ ಮಾತ್ರ.

ಭಾಮೈದ ಹೇಳ್ತಾರೆ, ನೂರು ದಿನದಲ್ಲಿ ಷೇರು ಠೇವಣಿಗಿಂತ ಎರಡು ಪಟ್ಟು ಕೊಡುತ್ತೆ ಅಂತ. ಅದೇ 6 ಲಕ್ಷ ಹಾಕಿ ಮೇನಲ್ಲಿ ತೆಗೆದ್ರೆ?

ಕೊಡಬಹುದು. ಕೊಟ್ಟ ವರ್ಷಗಳೂ ಇವೆ. ಕೊಡದ ವರ್ಷ ಹೇಗಿರುತ್ತದೆ ಅಂತ ನೋಡೋಣ, ನಿಮ್ಮ ತಾರೀಖಿನಲ್ಲೇ.

2020ರ ಜನವರಿ ಕೊನೆಗೆ ನಿಫ್ಟಿ 12,000ದ ಹತ್ತಿರ ಇತ್ತು. ಆಮೇಲೆ ಕೊರೊನಾ ಬಂತು. ಮಾರ್ಚ್ 24ರಂದು 7,500ರ ಆಸುಪಾಸಿಗೆ ಬಿತ್ತು. ಮೇ ಮಧ್ಯಕ್ಕೆ ಸ್ವಲ್ಪ ಎದ್ದು 9,100 ಚಿಲ್ಲರೆ. ಜನವರಿಯಲ್ಲಿ ಹಾಕಿದ 6 ಲಕ್ಷ ಮೇನಲ್ಲಿ 4.6 ಲಕ್ಷಕ್ಕಿಂತ ಕಮ್ಮಿ. ಅದೂ ದೇಶದ 50 ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ. ಭಾಮೈದ ಆರಿಸಿಕೊಟ್ಟ ಒಂದೆರಡು ಸಣ್ಣ ಕಂಪನಿ ಆಗಿದ್ದರೆ ಇನ್ನೆಷ್ಟು ಬೀಳುತ್ತಿತ್ತೋ.

ಇಲ್ಲಿ ಮುಖ್ಯವಾದದ್ದು ಬಿದ್ದದ್ದಲ್ಲ, ಯಾವಾಗ ಎದ್ದಿತು ಅನ್ನುವುದು. ಅದೇ ವರ್ಷ ನವೆಂಬರಿಗೆ ನಿಫ್ಟಿ ಹಳೇ ಎತ್ತರ ದಾಟಿತು. ಕಾದವರಿಗೆ ನಷ್ಟ ಆಗಲಿಲ್ಲ. ಆದರೆ ನೀವು ಕಾಯುವವರಲ್ಲ. ಮೇನಲ್ಲಿ ನಿಮಗೆ ಡಿಎಪಿ ಬೇಕು. ನವೆಂಬರಿಗೆ ದುಡ್ಡು ವಾಪಸ್ ಬಂದರೆ ಮುಂಗಾರು ಮುಗಿದು, ಮೆಕ್ಕೆಜೋಳ ಯಾರ್ಡಿಗೆ ಬಂದಾಗಿರುತ್ತದೆ. ಕಮ್ಮಿ ಮಾಲು ತುಂಬಿಸಿದ್ದಕ್ಕೆ ಹೋದ ಗಿರಾಕಿ ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

2008ರಲ್ಲಿ ಕಾಯುವುದು ಇನ್ನೂ ಉದ್ದ ಆಗಿತ್ತು. ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ವರ್ಷ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. ಮತ್ತೆ 21,000ದ ಹತ್ತಿರ ಬಂದದ್ದು 2010ರ ನವೆಂಬರಿನಲ್ಲಿ. ಎರಡು ಮುಕ್ಕಾಲು ವರ್ಷಕ್ಕೂ ಜಾಸ್ತಿ.

ಷೇರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನದೂ ಇದೆ. ಕಂಪನಿ ವ್ಯಾಪಾರ ಮಾಡುತ್ತದೆ, ಲಾಭ ಮಾಡುತ್ತದೆ, ಅದರಲ್ಲಿ ನಿಮಗೊಂದು ಪಾಲು ಇರುತ್ತದೆ. ಷೇರು ಇರುವುದು ಡಿಮ್ಯಾಟ್‌ನಲ್ಲಿ, ನಿಮ್ಮ ಹೆಸರಿಗೆ. ಮಾರಿದರೆ ಒಂದು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ದುಡ್ಡು ವಾಪಸ್ ಬರುವುದರಲ್ಲಿ ತೊಂದರೆ ಇಲ್ಲ, ಎಷ್ಟು ವಾಪಸ್ ಬರುತ್ತದೆ ಅನ್ನುವುದರಲ್ಲೇ ತೊಂದರೆ. ಐದು ವರ್ಷ ಮುಟ್ಟದೆ ಇರಬಲ್ಲ ದುಡ್ಡಿಗೆ ಅದು ಜಾಗ. ನೂರು ದಿನದ ದುಡ್ಡಿಗೆ ಅಲ್ಲ.

ಭಾಮೈದ ಮಾಡುವುದು ಫ್ಯೂಚರ್ಸ್, ಆಪ್ಷನ್ಸ್ ಅಂತ ಆಮೇಲೆ ಗೊತ್ತಾಯಿತು. ಷೇರನ್ನೇ ಕೊಂಡು ಇಡುವುದಲ್ಲ, ಬೆಲೆ ಮುಂದೆ ಎತ್ತ ಹೋಗುತ್ತದೆ ಅನ್ನುವುದರ ಮೇಲಿನ ಒಪ್ಪಂದ. ಅದು ಬೇರೆಯೇ ಆಟ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ತನ್ನ ಅಧ್ಯಯನ ಹೊರಗೆ ಹಾಕಿತು. ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಅಂಗಡಿಯವರಿಗೆ ಇನ್ನೊಂದು ತಲೆನೋವು ಇದೆ. ತೆರಿಗೆ ಲೆಕ್ಕದಲ್ಲಿ ಅದು ಹೂಡಿಕೆ ಅಲ್ಲ, ವ್ಯಾಪಾರ. ನಿಮ್ಮ ಗೊಬ್ಬರದ ವ್ಯಾಪಾರದ ಪಕ್ಕದಲ್ಲಿ ಇನ್ನೊಂದು ವ್ಯಾಪಾರದ ಲೆಕ್ಕ ಬರೆಯಬೇಕಾಗುತ್ತದೆ.

ಮಗ ಅಂತಾನೆ, ಕ್ರಿಪ್ಟೊ ಆದ್ರೆ ಭಾನುವಾರ ರಾತ್ರಿ ಹನ್ನೆರಡಕ್ಕೂ ಮಾರಬಹುದು, ಬ್ಯಾಂಕಿಗೆ ಕಾಯೋದೇ ಬೇಡ.

ಮಾರುವುದು ಹೌದು. ಮಾರಿದ ದುಡ್ಡು ನಿಮ್ಮ ಕರೆಂಟ್ ಅಕೌಂಟಿಗೆ ಹೇಗೆ ಬರುತ್ತದೆ ಅನ್ನುವುದನ್ನು ಮಗನನ್ನು ಕೇಳಿ.

ನನ್ನ ಇನ್ನೊಬ್ಬ ಗಿರಾಕಿ ಬಟ್ಟೆ ವ್ಯಾಪಾರದವರು. ಅವರ ತಮ್ಮ ಡಾಲರ್ ಕಾಯಿನ್, ಅಂದರೆ ಒಂದು ಡಾಲರಿಗೆ ಬೆಲೆ ಕಟ್ಟಿಟ್ಟ ಕ್ರಿಪ್ಟೊ, ಇಟ್ಟುಕೊಂಡಿದ್ದ. ಕ್ರಿಪ್ಟೊ ಕೊಂಡು ಮಾರಿಸುವ ಎಕ್ಸ್‌ಚೇಂಜಿನಲ್ಲಿ ಮಾರಿದರೆ ಟಿಡಿಎಸ್ ಹಿಡಿಯುತ್ತಾರೆ, ರೇಟೂ ಕಮ್ಮಿ ಅಂತ ಪಿ2ಪಿಯಲ್ಲಿ ಮಾರಿದ. ಪಿ2ಪಿ ಅಂದರೆ ಎಲ್ಲೋ ಇರುವ ಗುರುತಿಲ್ಲದ ಮನುಷ್ಯ ನಿಮ್ಮ ಬ್ಯಾಂಕ್ ಖಾತೆಗೆ ನೇರ ದುಡ್ಡು ಹಾಕುತ್ತಾನೆ, ನೀವು ಕಾಯಿನ್ ಬಿಟ್ಟುಕೊಡುತ್ತೀರಿ. ತಮ್ಮ ಕೊಟ್ಟದ್ದು ಅಣ್ಣನ ಅಂಗಡಿಯ ಖಾತೆ ನಂಬರ್. 85 ಸಾವಿರ ಬಂತು. ಎಲ್ಲ ಸರಿ ಇತ್ತು. ಹನ್ನೊಂದು ದಿನ ಆದ ಮೇಲೆ ಸೂರತ್ತಿನ ಸೀರೆ ವ್ಯಾಪಾರಿಗೆ ಕೊಟ್ಟ ಚೆಕ್ಕು ವಾಪಸ್ ಬಂತು. ಖಾತೆಯಲ್ಲಿ 3 ಲಕ್ಷದ ಮೇಲಿತ್ತು, ಆದರೂ ವಾಪಸ್. ಬ್ಯಾಂಕಿಗೆ ಹೋಗಿ ಕೇಳಿದರೆ ಬೇರೆ ರಾಜ್ಯದ ಸೈಬರ್ ಪೊಲೀಸರು ಖಾತೆ ತಡೆಹಿಡಿಸಿದ್ದಾರೆ ಅಂದರು. ಕಾಯಿನ್ ಕೊಂಡವನು ಹಾಕಿದ ದುಡ್ಡು ಯಾರನ್ನೋ ಮೋಸ ಮಾಡಿ ತಂದದ್ದು. ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರು. ಆ ದುಡ್ಡು ಯಾವ ಯಾವ ಖಾತೆ ಹಾದು ಹೋಯಿತೋ ಆ ಖಾತೆಗಳಿಗೆಲ್ಲ ತಡೆ ಬಿತ್ತು.

ಇವರು ಏನೂ ತಪ್ಪು ಮಾಡಿರಲಿಲ್ಲ. ಆದರೂ ಅದನ್ನು ತೋರಿಸಲು ಕಾಗದಗಳನ್ನು ಕಟ್ಟಿಕೊಂಡು ಓಡಾಡಿದ್ದು ಎರಡು ತಿಂಗಳು. ಅಷ್ಟರಲ್ಲಿ ಹಬ್ಬದ ವ್ಯಾಪಾರ ಮುಗಿದಿತ್ತು. ಸಂಬಳವನ್ನು ಕೈಸಾಲ ತಂದು ಕೊಟ್ಟರು. ನಾನು ಈ ಘಟನೆಯನ್ನು ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ಕ್ರಿಪ್ಟೊ ಅಂದರೆ ಬೆಲೆ ಬೀಳುವುದೊಂದೇ ಅಪಾಯ ಅಂತ ಜನ ಅಂದುಕೊಂಡಿದ್ದಾರೆ. ಅಂಗಡಿಯವನಿಗೆ ಅದಕ್ಕಿಂತ ದೊಡ್ಡದು ಖಾತೆ ನಿಂತುಹೋಗುವುದು. 85 ಸಾವಿರದ ವ್ಯವಹಾರ 3 ಲಕ್ಷವನ್ನೂ, ವ್ಯಾಪಾರಿಯ ಹತ್ತಿರ ಇದ್ದ ಮಾತಿನ ಬೆಲೆಯನ್ನೂ ಹಿಡಿದು ನಿಲ್ಲಿಸಿತು.

ಎಕ್ಸ್‌ಚೇಂಜಿನ ಮೂಲಕವೇ ಮಾರಿದರೆ ಈ ಭಯ ತುಂಬಾ ಕಮ್ಮಿ. ಆದರೆ ಅಲ್ಲಿ ಬೇರೆ ಭಯ. 2024ರ ಜುಲೈನಲ್ಲಿ ದೇಶದ ಒಂದು ದೊಡ್ಡ ಎಕ್ಸ್‌ಚೇಂಜಿನಿಂದ ಕಳ್ಳರು ಸುಮಾರು 2,000 ಕೋಟಿ ರೂಪಾಯಿಯಷ್ಟು ಕಾಯಿನ್ ಕದ್ದರು. ಎಕ್ಸ್‌ಚೇಂಜಿನವರು ಹಣ ತೆಗೆಯುವುದನ್ನೇ ನಿಲ್ಲಿಸಿದರು. ಜನರ ಕಾಯಿನ್ ಒಂದು ವರ್ಷಕ್ಕೂ ಮೇಲೆ ಒಳಗೇ ಸಿಕ್ಕಿಕೊಂಡಿತ್ತು. ಬ್ಯಾಂಕ್ ಠೇವಣಿಗೆ ಇರುವ ವಿಮೆ ಅಲ್ಲಿಲ್ಲ. ಎಕ್ಸ್‌ಚೇಂಜ್ ಸರ್ಕಾರದ ಎಫ್‌ಐಯು ಬಳಿ ನೋಂದಾಯಿಸಿಕೊಂಡಿದೆ ಅಂದರೆ ಅಕ್ರಮ ಹಣದ ಮೇಲೆ ಕಣ್ಣಿಡಬೇಕಾದ ನಿಯಮ ಅದಕ್ಕೆ ಇದೆ ಅಂತ ಅರ್ಥ. ನಿಮ್ಮ ದುಡ್ಡಿಗೆ ಸರ್ಕಾರ ಹೊಣೆ ಅಂತ ಅರ್ಥ ಅಲ್ಲ.

ಬಿಟ್‌ಕಾಯಿನ್ ಏರಿಳಿತ ಇರಲಿ. ಡಾಲರ್ ಕಾಯಿನ್ ಬೆಲೆ ಒಂದೇ ಕಡೆ ನಿಲ್ಲುತ್ತಂತೆ, ಮೇಲೆ 12% ಬಡ್ಡಿನೂ ಕೊಡ್ತಾರಂತೆ. ಅದೂ ಠೇವಣಿನೇ ಅಲ್ವಾ?

ಹೆಸರು ಹಾಗೆ ಕೇಳಿಸುತ್ತದೆ. 2022ರವರೆಗೆ ಯುಎಸ್‌ಟಿ ಅಂತ ಒಂದು ಡಾಲರ್ ಕಾಯಿನ್ ಇತ್ತು. ಒಂದು ಕಾಯಿನ್‌ಗೆ ಒಂದು ಡಾಲರ್, ಇಟ್ಟವರಿಗೆ ವರ್ಷಕ್ಕೆ ಸುಮಾರು 20% ಬಡ್ಡಿ. ಆದರೆ ಅದರ ಹಿಂದೆ ನಿಜವಾದ ಡಾಲರ್ ಇರಲಿಲ್ಲ. ಲೂನಾ ಅನ್ನುವ ಇನ್ನೊಂದು ಕಾಯಿನ್ ಮುದ್ರಿಸಿ ಬೆಲೆ ಹಿಡಿದು ನಿಲ್ಲಿಸುತ್ತಿದ್ದರು. 2022ರ ಮೇ ತಿಂಗಳಲ್ಲಿ ಜನ ಒಮ್ಮೆಗೇ ತೆಗೆಯಲು ನುಗ್ಗಿದಾಗ ಅದು ಕುಸಿಯಿತು. ಕೆಲವೇ ದಿನದಲ್ಲಿ ಯುಎಸ್‌ಟಿ ಕಾಲು ಡಾಲರಿಗಿಂತ ಕೆಳಗೆ, ಲೂನಾ ಹೆಚ್ಚುಕಮ್ಮಿ ಸೊನ್ನೆ. ನೀವು ವಿತರಕರಿಗೆ ದುಡ್ಡು ಕಳಿಸುವ ವಾರವೇ ಅದು.

ಎಲ್ಲ ಡಾಲರ್ ಕಾಯಿನ್‌ಗಳೂ ಹಾಗೆ ಕಟ್ಟಿದವಲ್ಲ. ನಿಜವಾದ ಡಾಲರ್, ಅಮೆರಿಕ ಸರ್ಕಾರದ ಸಾಲಪತ್ರ ಹಿಂದೆ ಇಟ್ಟವೂ ಇವೆ. ಆದರೂ 12% ಎಲ್ಲಿಂದ ಬರುತ್ತದೆ ಅಂತ ಕೇಳಬೇಕು. ನಿಮ್ಮ ಕಾಯಿನ್ ಯಾರಿಗೋ ಸಾಲ ಹೋಗಿರುತ್ತದೆ. ಅವರು ಕೊಡದಿದ್ದರೆ ಕೇಳುವುದಕ್ಕೆ ಶಾಖೆ ಇಲ್ಲ, ಮ್ಯಾನೇಜರ್ ಇಲ್ಲ.

ತೆರಿಗೆಯಲ್ಲಿ ಮೂರಕ್ಕೂ ಏನು ವ್ಯತ್ಯಾಸ?

ಠೇವಣಿ ಬಡ್ಡಿ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬಿನಂತೆ ತೆರಿಗೆ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50 ಸಾವಿರ ದಾಟಿದರೆ 10% ಟಿಡಿಎಸ್ ಹಿಡಿಯುತ್ತಾರೆ, ಲೆಕ್ಕ ಹಾಕಿದಾಗ ಅದು ಜಮಾ ಆಗುತ್ತದೆ. ಷೇರನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20%. ವರ್ಷ ದಾಟಿದ ಮೇಲೆ ಮಾರಿದರೆ 1.25 ಲಕ್ಷ ಮೀರಿದ ಲಾಭಕ್ಕೆ 12.5%. 2024ರ ಜುಲೈ 23ರಿಂದ ಈ ದರಗಳು ಬಂದವು.

ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ನೇರ 30%, ಸೆಸ್ ಸೇರಿ 31.2%. ದರಕ್ಕಿಂತ ಕಷ್ಟ ಇರುವುದು ನಷ್ಟದ ನಿಯಮದಲ್ಲಿ. ಒಂದು ಕಾಯಿನ್‌ನಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 1 ಲಕ್ಷ ನಷ್ಟ ಅಂತಿಟ್ಟುಕೊಳ್ಳಿ. ನಿಮ್ಮ ಕೈಗೆ ಬಂದದ್ದು ಸೊನ್ನೆ. ಆದರೂ 31,200 ರೂಪಾಯಿ ತೆರಿಗೆ ಕಟ್ಟಬೇಕು, ಯಾಕೆಂದರೆ ನಷ್ಟವನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಅದೇ ಎರಡು ಷೇರಿನಲ್ಲಿ ವರ್ಷದೊಳಗೆ ಹಾಗಾಗಿದ್ದರೆ ತೆರಿಗೆ ಸೊನ್ನೆ. ಇದನ್ನು ಕೇಳಿದ ಮೇಲೆ ಅವರು ಮಗನಿಗೆ ಫೋನ್ ಮಾಡಿ ಅಲ್ಲೇ ವಿಚಾರಿಸಿದರು. ಅವನಿಗೂ ಗೊತ್ತಿರಲಿಲ್ಲ.

ಠೇವಣಿ ಎಲ್ಲಿ ಇಟ್ರೂ ಒಂದೇನಾ? ನಮ್ಮ ಏರಿಯಾದ ಸೊಸೈಟಿಯಲ್ಲಿ 9% ಕೊಡ್ತಾರೆ, ಎಲ್ಲ ಪರಿಚಯದವರೇ.

ಒಂದೇ ಅಲ್ಲ. ನಮ್ಮ ಕಡೆ ಸಹಕಾರಿ ಸಂಘಗಳು ಜಾಸ್ತಿ, ಒಳ್ಳೆಯದಾಗಿ ನಡೆಯುವವು ಎಷ್ಟೋ ಇವೆ. ಆದರೆ ವಿಮೆಯ ಗೆರೆ ಎಲ್ಲಿದೆ ಅಂತ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ, ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಇತ್ತು. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು ಇದರೊಳಗೆ ಬರುತ್ತವೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಫೈನಾನ್ಸ್ ಕಂಪನಿ ಬರುವುದಿಲ್ಲ. ಬೋರ್ಡು, ಕೌಂಟರು, ಪಾಸ್‌ಪುಸ್ತಕ ನೋಡಲು ಒಂದೇ ಥರ ಇರುತ್ತವೆ. ಹಾಗಾಗಿ ನೇರವಾಗಿ ಕೇಳಿ: "ಇಲ್ಲಿ ಡಿಐಸಿಜಿಸಿ ವಿಮೆ ಇದೆಯಾ?" ವಿಮೆ ಇರುವ ಬ್ಯಾಂಕುಗಳ ಪಟ್ಟಿ dicgc.org.in ನಲ್ಲಿ ಇದೆ.

ಇನ್ನೊಂದು ಸೂಕ್ಷ್ಮ. ನಿಮ್ಮದು ಒಬ್ಬರದೇ ಮಾಲೀಕತ್ವದ ಅಂಗಡಿ. ಅಂಗಡಿ ಹೆಸರಿನ ಖಾತೆ, ನಿಮ್ಮ ಸ್ವಂತ ಹೆಸರಿನ ಠೇವಣಿ, ಬೇರೆ ಶಾಖೆಯಲ್ಲಿರುವುದು, ಒಂದೇ ಬ್ಯಾಂಕಾದರೆ ಎಲ್ಲ ಸೇರಿ 5 ಲಕ್ಷದ ಒಂದೇ ಮಿತಿ. ಹಾಗಾಗಿ 6 ಲಕ್ಷವನ್ನು ಒಂದೇ ಕಡೆ ಇಡದೆ ಎರಡು ಬ್ಯಾಂಕಿಗೆ ಹಂಚಿ. ಹೆಂಡತಿ ಹೆಸರಿಗೆ ಹಾಕಿದರೆ ವಿಮೆ ಬೇರೆ ಸಿಗುತ್ತದೆ, ಆದರೆ ದುಡ್ಡು ನಿಮ್ಮದಾದ್ದರಿಂದ ಬಡ್ಡಿಯ ತೆರಿಗೆ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ವಿಮೆ ಇದ್ದರೂ ದುಡ್ಡು ಮರುದಿನವೇ ಸಿಗುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಒಬ್ಬರಿಗೆ 35,000ಕ್ಕಿಂತ ಹೆಚ್ಚು ತೆಗೆಯಲು ಬಿಡಲಿಲ್ಲ. 2021ರಲ್ಲಿ ಕಾಯಿದೆ ತಿದ್ದಿದ ಮೇಲೆ ಅಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಕೊಡಬೇಕು. 90 ದಿನ ಅಂದರೆ ನಿಮಗೆ ಒಂದು ಹಂಗಾಮು. ಅದಕ್ಕೇ ಮೇ ತಿಂಗಳ ದುಡ್ಡನ್ನು ಒಂದು ಪರ್ಸೆಂಟ್ ಜಾಸ್ತಿಗೆ ಆಸೆಪಟ್ಟು ಸಣ್ಣ ಕಡೆ ಇಡಬೇಡಿ ಅಂತ ನಾನು ಹೇಳುವುದು. 6 ಲಕ್ಷಕ್ಕೆ 100 ದಿನದಲ್ಲಿ 3% ಜಾಸ್ತಿ ಬಡ್ಡಿ ಅಂದರೂ 5,000ಕ್ಕಿಂತ ಕಮ್ಮಿ.

ಹಾಗಾದ್ರೆ ಉಳಿದ ಆ 1 ಲಕ್ಷ?

ಅದು ನಿಜವಾದ ಬಿಡುವಿನ ದುಡ್ಡು. ಅಂಗಡಿಯ ಲೆಕ್ಕದಿಂದ ಸ್ವಂತಕ್ಕೆ ತೆಗೆದದ್ದು ಅಂತ ಬರೆದು ಮನೆಯ ಖಾತೆಗೆ ಹಾಕಿಸಿದೆ. ಮಗಳು ಈಗ ಒಂಬತ್ತನೇ ಕ್ಲಾಸು, ಕಾಲೇಜಿನ ದೊಡ್ಡ ಖರ್ಚು ಬರಲು ಇನ್ನೂ ವರ್ಷಗಳಿವೆ. ತಿಂಗಳಿಗೆ 8,000ದ ಹಾಗೆ ನಿಫ್ಟಿ ಸೂಚ್ಯಂಕದ ಮ್ಯೂಚುವಲ್ ಫಂಡಿಗೆ ಹಾಕಲು ಹೇಳಿದೆ. ಕಂಪನಿ ಆರಿಸುವ ತಲೆನೋವು ಇಲ್ಲ, ಒಂದೇ ದಿನ ಎತ್ತರದಲ್ಲಿ ಕೊಂಡ ಹೊಟ್ಟೆಯುರಿಯೂ ಇಲ್ಲ.

ಕ್ರಿಪ್ಟೊ ಬೇಕೇ ಬೇಕು ಅಂತ ಮಗ ಹಟ ಹಿಡಿದರೆ ಅದರಲ್ಲಿ 5,000 ಕೊಡಿ ಅಂದೆ. ಪೂರ್ತಿ ಹೋದರೂ ಯಾರ ಸಂಬಳವೂ ನಿಲ್ಲಬಾರದು. ಅವನ ಸ್ವಂತ ಉಳಿತಾಯ ಖಾತೆಯಿಂದ, ಎಕ್ಸ್‌ಚೇಂಜಿನಲ್ಲಿ ಮಾತ್ರ, ಪಿ2ಪಿ ಬೇಡ. ಅಂಗಡಿಯ ಖಾತೆ ನಂಬರ್ ಅವನ ಫೋನಿನಲ್ಲಿ ಎಲ್ಲೂ ಸೇರಿಸಬಾರದು. ಈ ಒಂದು ಮಾತನ್ನು ನಾನು ಮೂರು ಸಲ ಹೇಳಿದೆ.

ಜಿಎಸ್‌ಟಿ, ಮುಂಗಡ ತೆರಿಗೆ, ಖರ್ಚಿನ 3 ಲಕ್ಷ ಕರೆಂಟ್ ಅಕೌಂಟಿನಲ್ಲೇ ಉಳಿಯಿತು. 4 ಲಕ್ಷ ಸಿಸಿಗೆ ಹೋಯಿತು. 2 ಲಕ್ಷದ ಮೂರು ಠೇವಣಿ ಎರಡು ಬ್ಯಾಂಕಿನಲ್ಲಿ, ಮೂರೂ ಮೇ 11ಕ್ಕೆ ಮುಗಿಯುವ ಹಾಗೆ. ಏಪ್ರಿಲ್ ಕೊನೆಗೆ ಅವರ ಗೂಡ್ಸ್ ಆಟೋದ ಇಂಜಿನ್ ರಿಪೇರಿಗೆ ಬಂತು, 70 ಸಾವಿರ ಬೇಕಾಯಿತು. ಒಂದು ಠೇವಣಿಯ ಮೇಲೆ ಸಾಲ ತೆಗೆದು ಹದಿನೈದು ದಿನದಲ್ಲಿ ತೀರಿಸಿದರು, ಬಡ್ಡಿ ಇನ್ನೂರೈವತ್ತು ರೂಪಾಯಿಯೊಳಗೇ ಆಯಿತು. ಮೇ 12ರ ಬೆಳಿಗ್ಗೆ ವಿತರಕರಿಗೆ 6 ಲಕ್ಷ ಆರ್‌ಟಿಜಿಎಸ್ ಮಾಡಿದರು. ಆ ವಾರದಲ್ಲೇ ಡಿಎಪಿ ಲೋಡು ಬಂದು ಅಂಗಡಿ ಮುಂದೆ ನಿಂತಿತ್ತು.